ಮೂರು ಚಮಚ, 90 ಎಂಎಲ್ ನೀರು: ಡಬ್ಬಿ ಹಾಲು ಕಲೆಸುವುದರಲ್ಲಿ ನಾವು ಮಾಡಿದ ತಪ್ಪು

ನನ್ನ ಮಗನಿಗೆ ಎರಡು ತಿಂಗಳು. ಬಾಣಂತನಕ್ಕೆ ದಾವಣಗೆರೆಯ ಅಮ್ಮನ ಮನೆಯಲ್ಲಿದ್ದೆ. ಎದೆಹಾಲು ಸಾಲುತ್ತಿರಲಿಲ್ಲ, ತೂಕ ಏರುತ್ತಿರಲಿಲ್ಲ. ಮಕ್ಕಳ ಡಾಕ್ಟರ್ ನೋಡಿ, ಎದೆಹಾಲು ಬಿಡಬೇಡಿ, ಅದರ ಜೊತೆಗೆ ದಿನಕ್ಕೆ ನಾಲ್ಕು ಸಲ ಫಾರ್ಮುಲಾ ಕೊಡಿ ಅಂದರು. ಒಂದು ಸಲಕ್ಕೆ 90 ಎಂಎಲ್ ನೀರು, ಮೂರು ಸ್ಕೂಪ್ ಪೌಡರ್. ನಮ್ಮ ಡಬ್ಬಿಯ ಮೇಲೂ ಅದೇ ಲೆಕ್ಕ ಇತ್ತು, ಒಂದು ಸ್ಕೂಪ್‌ಗೆ 30 ಎಂಎಲ್ ನೀರು. ಇಷ್ಟು ಸುಲಭದ ಲೆಕ್ಕ ತಪ್ಪುವುದು ಹೇಗೆ ಅಂತ ಅನಿಸುತ್ತೆ, ಅಲ್ವಾ? ನಮ್ಮ ಮನೆಯಲ್ಲಿ ಎರಡು ವಾರ ತಪ್ಪಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಕಂಡಿದ್ದು ಮಗುವಿನ ಕಕ್ಕದಲ್ಲಿ. ಎರಡು ದಿನಕ್ಕೊಮ್ಮೆ, ಮುಕ್ಕರಿಸಿ ಮುಕ್ಕರಿಸಿ, ಗಟ್ಟಿ ಉಂಡೆಯ ಹಾಗೆ ಬರುತ್ತಿತ್ತು. ಆಮೇಲೆ ಉಚ್ಚೆ ಕಡಿಮೆ ಆಯ್ತು. ಬಟ್ಟೆಯ ಮೇಲೆ ಹಳದಿ ಕಲೆ ಉಳಿಯತೊಡಗಿತು. ಹಾಲು ಕುಡಿದು ಅರ್ಧ ಗಂಟೆ ಆಗಿರುತ್ತಿರಲಿಲ್ಲ, ಮತ್ತೆ ಅಳು. ಹಸಿವು ಅಂದುಕೊಂಡು ಮತ್ತೆ ಬಾಟಲಿ ಕೊಡುತ್ತಿದ್ದೆವು. ಅದು ಬಾಯಾರಿಕೆಯ ಅಳು ಅಂತ ನಮಗೆ ಹೊಳೆಯಲೇ ಇಲ್ಲ.

ಡಾಕ್ಟರ್ ಹತ್ತಿರ ಹೋದಾಗ ಅವರು ಔಷಧಿ ಬರೆಯಲಿಲ್ಲ. ಡಬ್ಬಿ, ಬಾಟಲಿ ತಂದಿದ್ದೀರಾ ಅಂತ ಕೇಳಿದರು. ತಂದಿದ್ದೆವು. "ಮನೆಯಲ್ಲಿ ಹೇಗೆ ಕಲೆಸ್ತೀರೋ ಹಾಗೇ ಇಲ್ಲಿ ಮಾಡಿ ತೋರಿಸಿ ಅಮ್ಮಾ" ಅಂದರು, ನನಗಲ್ಲ, ನನ್ನ ಅಮ್ಮನಿಗೆ. ಹಗಲು ಹೊತ್ತು ಕಲೆಸುತ್ತಿದ್ದದ್ದು ಅಮ್ಮನೇ. ಅಮ್ಮ ಖಾಲಿ ಬಾಟಲಿಗೆ ಮೊದಲು ಪೌಡರ್ ಹಾಕಿದರು, ಮೂರು ಸ್ಕೂಪ್, ಒಂದೊಂದೂ ಗೋಪುರದ ಹಾಗೆ ತುಂಬಿ. ಆಮೇಲೆ 90ರ ಗೆರೆಯವರೆಗೆ ನೀರು ಹೊಯ್ದರು. ಡಾಕ್ಟರ್ ಅಲ್ಲಿಗೇ ನಿಲ್ಲಿಸಿದರು. "ಇದರಲ್ಲಿ ಎರಡು ತಪ್ಪಿದೆ" ಅಂದರು, ಬೈಯಲಿಲ್ಲ.

ಅಮ್ಮನ ಕೈಯನ್ನು ನಾನು ದೂರುವುದಿಲ್ಲ. ಸೇರಿನಲ್ಲಿ ಅಕ್ಕಿ ಅಳೆದು ಯಾರಿಗಾದರೂ ಕೊಡುವಾಗ ತುಂಬಿ ತುಳುಕಬೇಕು ಅನ್ನುವುದು ಅವರ ಕೈಗೆ ಕೂತ ಪದ್ಧತಿ. ಅಂಚಿಗೆ ಸಮ ಮಾಡಿ ಕೊಟ್ಟರೆ ಜಿಪುಣತನ. ಮೊಮ್ಮಗನಿಗೆ ಕೊಡುವಾಗ ಕೈ ಇನ್ನೂ ಧಾರಾಳವಾಗಿತ್ತು, ಅಷ್ಟೇ. ಹಾಗೆ ನೋಡಿದರೆ ರಾತ್ರಿ ನಾನು ಕಲೆಸುತ್ತಿದ್ದದ್ದೂ ಸರಿ ಇರಲಿಲ್ಲ. ನಾನು ಗೋಪುರ ಮಾಡುತ್ತಿರಲಿಲ್ಲ, ಆದರೆ ಸ್ಕೂಪನ್ನು ಡಬ್ಬಿಯ ಗೋಡೆಗೆ ಒತ್ತಿ ಸಮ ಮಾಡುತ್ತಿದ್ದೆ. ನೋಡುವುದಕ್ಕೆ ಸಮ, ಒಳಗೆ ಪೌಡರ್ ಗಿಡಿದು ತುಂಬಿರುತ್ತಿತ್ತು.

ಮನೆಗೆ ಬಂದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದೆ. ಅದು ಒಂದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ, ಹಾಗಾಗಿ ಒಂದು ಸ್ಕೂಪ್ ತೂಗಿದರೆ ಏನೂ ಗೊತ್ತಾಗುವುದಿಲ್ಲ. ಬಟ್ಟಲಿಟ್ಟು ಹತ್ತು ಸ್ಕೂಪ್ ಒಟ್ಟಿಗೆ ತೂಗಿದೆ. ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿದ ಹತ್ತು ಸ್ಕೂಪ್: 44 ಗ್ರಾಂ. ನನ್ನ ಹಾಗೆ ಗೋಡೆಗೆ ಒತ್ತಿದ ಹತ್ತು: 51. ಅಮ್ಮನ ಕೈಯ ಗೋಪುರದ ಹತ್ತು: 59. ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. 59 ಕಂಡಾಗ ಅವರ ಮುಖ ಸಣ್ಣದಾಯ್ತು.

ಈಗ ಒಂದು ಬಾಟಲಿಯ ಲೆಕ್ಕ ನೋಡಿ. ಸರಿಯಾಗಿ ಕಲೆಸಿದರೆ 90 ಎಂಎಲ್ ನೀರಿಗೆ ಮೂರು ಸ್ಕೂಪ್, ಅಂದರೆ ಸುಮಾರು 13 ಗ್ರಾಂ ಪೌಡರ್. ಅಮ್ಮನ ಬಾಟಲಿಯಲ್ಲಿ 17.7 ಗ್ರಾಂ. ಅಲ್ಲಿಗೇ ಮೂರನೇ ಒಂದು ಭಾಗ ಜಾಸ್ತಿ ಆಯ್ತು. ಎರಡನೇ ತಪ್ಪು ನೀರಿನದು. ಪೌಡರ್ ಮೊದಲು ಹಾಕಿದರೆ ಅದೂ ಬಾಟಲಿಯಲ್ಲಿ ಜಾಗ ಹಿಡಿಯುತ್ತೆ. ಆಮೇಲೆ 90ರ ಗೆರೆಗೆ ನೀರು ಹೊಯ್ದರೆ ನೀರು 90 ಇರುವುದಿಲ್ಲ, ನಮ್ಮ ಬಾಟಲಿಯಲ್ಲಿ ಹೆಚ್ಚು ಕಡಿಮೆ 78 ಇರುತ್ತಿತ್ತು. ಪೌಡರ್ ಜಾಸ್ತಿ, ನೀರು ಕಮ್ಮಿ. ಎರಡೂ ಸೇರಿ ಹಾಲು ಇರಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಗಟ್ಟಿ. ಸರಿಯಾಗಿ ಮಾಡಿದಾಗ ನೀರು ಮೊದಲು 90ಕ್ಕೆ ನಿಲ್ಲಬೇಕು, ಪೌಡರ್ ಹಾಕಿ ಕಲೆಸಿದ ಮೇಲೆ ಹಾಲು 100ರ ಹತ್ತಿರ ಬರಬೇಕು. ಗೆರೆ ಮೇಲಕ್ಕೆ ಹೋಯ್ತಲ್ಲ ಅಂತ ಗಾಬರಿ ಬೇಡ, ಅದೇ ಸರಿ.

ಗಟ್ಟಿ ಹಾಲು ಅಂದರೆ ಜಾಸ್ತಿ ಪೌಷ್ಟಿಕ ಅಲ್ವಾ, ಅದರಿಂದ ಏನು ಕೆಟ್ಟದ್ದು ಅಂತ ನಾನೂ ಕೇಳಿದೆ. ಡಾಕ್ಟರ್ ಹೇಳಿದ್ದು ಹೀಗೆ. ಪೌಡರ್‌ನಲ್ಲಿ ಸಕ್ಕರೆ, ಕೊಬ್ಬಿನ ಜೊತೆಗೆ ಪ್ರೋಟೀನ್ ಇದೆ, ಸೋಡಿಯಂನಂಥ ಲವಣಗಳೂ ಇವೆ. ಬೇಡವಾದ ಲವಣ, ಪ್ರೋಟೀನಿನ ಕಸ ಉಚ್ಚೆಯಲ್ಲಿ ಹೊರಗೆ ಹೋಗಬೇಕು, ಅದಕ್ಕೆ ನೀರು ಬೇಕು. ದೊಡ್ಡವರ ಕಿಡ್ನಿ ಸ್ವಲ್ಪ ನೀರಿನಲ್ಲೇ ಜಾಸ್ತಿ ಕಸ ಹೊರಗೆ ಹಾಕಬಲ್ಲದು. ಎಳೆ ಮಗುವಿನ ಕಿಡ್ನಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಅದು ಮೈಯ ನೀರನ್ನೇ ಬಳಸಿಕೊಳ್ಳುತ್ತೆ. ಮಗುವಿಗೆ ಬಾಯಾರುತ್ತೆ, ಅಳುತ್ತೆ, ನಾವು ಮತ್ತೆ ಅದೇ ಗಟ್ಟಿ ಹಾಲು ಕೊಡುತ್ತೇವೆ, ಬಾಯಾರಿಕೆ ಇನ್ನೂ ಜಾಸ್ತಿ ಆಗುತ್ತೆ. ಇದು ಬೆಳೆದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುವ ತನಕ ಹೋಗಬಹುದು. ಜೊತೆಗೆ ವಾಂತಿ ಭೇದಿ, ಜ್ವರ ಅಥವಾ ಬೇಸಿಗೆಯ ಸೆಕೆ ಸೇರಿದರೆ ಬಹಳ ಬೇಗ ಹೋಗಬಹುದು. ನನ್ನ ಮಗನ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 145 ಇತ್ತು, ಅಂದರೆ ಸರಿಯಾದ ಮಿತಿಯ ಮೇಲಿನ ಅಂಚಿನಲ್ಲಿ. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಆಮೇಲೆ ಚಿಕಿತ್ಸೆ ಏನು ಅಂತ ಕೇಳಿದರೆ, ಅಳತೆ ಸರಿ ಮಾಡಿದ್ದಷ್ಟೇ. ಬೇರೆ ನೀರು ಕುಡಿಸಬೇಡಿ, ಹಾಲನ್ನು ತೆಳ್ಳಗೆ ಮಾಡಿ ಸರಿದೂಗಿಸಲೂ ಹೋಗಬೇಡಿ ಅಂದರು. ತೆಳ್ಳಗೆ ಮಾಡಿದರೆ ಅದು ಇನ್ನೊಂದು ಕಡೆಯ ಅಪಾಯ. ಮಗುವಿಗೆ ಹೊಟ್ಟೆ ತುಂಬಿದ ಹಾಗೆ ಇರುತ್ತೆ, ತೂಕ ಏರುವುದಿಲ್ಲ, ನೀರು ಜಾಸ್ತಿ ಆಗಿ ರಕ್ತದ ಸೋಡಿಯಂ ಇಳಿದರೆ ಆಗಲೂ ಫಿಟ್ಸ್ ಬರಬಹುದು. ಡಬ್ಬಿ ದುಬಾರಿ ಅಂತ ಮೂರರ ಜಾಗದಲ್ಲಿ ಎರಡೂವರೆ ಸ್ಕೂಪ್ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ದುಡ್ಡಿನ ಕಷ್ಟ ನಿಜವಾದದ್ದೇ. ಆದರೆ ಆ ಅರ್ಧ ಸ್ಕೂಪ್ ಕಳೆಯುವುದು ಮಗುವಿನ ಊಟದಲ್ಲಿ. ಅದರ ಬದಲು ಡಾಕ್ಟರ್‌ಗೆ ನೇರವಾಗಿ ಹೇಳಿ, ಅವರು ದಾರಿ ತೋರಿಸುತ್ತಾರೆ.

ಈಗ ನಾನು ಮಾಡುವುದು ಹೀಗೆ. ಕೈ ತೊಳೆದು, ಕುದಿಸಿ ತೆಗೆದ ಬಾಟಲಿಯನ್ನು ಕಟ್ಟೆಯ ಮೇಲೆ ಸಮನಾಗಿ ಇಡುತ್ತೇನೆ. ನೀರು ಕುದಿಸಿ ಅರ್ಧ ಗಂಟೆ ದಾಟುವ ಮುಂಚೆ 90ರ ಗೆರೆಗೆ ಹೊಯ್ಯುತ್ತೇನೆ. ಪೌಡರ್‌ನಲ್ಲೇ ಕೀಟಾಣು ಇರುವ ಸಾಧ್ಯತೆ ಇದೆಯಂತೆ, ನೀರು 70 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು ಅಂತ ಡಾಕ್ಟರ್ ಹೇಳಿದರು. ಗೆರೆ ನೋಡುವುದಕ್ಕೆ ಬಾಟಲಿ ಎತ್ತುವುದಿಲ್ಲ, ನಾನೇ ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡುತ್ತೇನೆ. ಕೈಯಲ್ಲಿ ಹಿಡಿದರೆ ಬಾಟಲಿ ಓರೆ ಆಗಿ ಐದು ಹತ್ತು ಎಂಎಲ್ ಸುಲಭವಾಗಿ ತಪ್ಪುತ್ತೆ. ಆಮೇಲೆ ಒಣಗಿದ ಸ್ಕೂಪ್‌ನಿಂದ ಪೌಡರ್ ಸಡಿಲವಾಗಿ ತುಂಬಿ, ಚಾಕುವಿನ ನೇರ ಬೆನ್ನನ್ನು ಅಂಚಿನ ಮೇಲೆ ಒಂದೇ ಸಲ ಎಳೆಯುತ್ತೇನೆ. ಕೆಲವು ಡಬ್ಬಿಯ ಬಾಯಲ್ಲೇ ಒಂದು ಪಟ್ಟಿ ಇರುತ್ತೆ, ಅದಕ್ಕೆ ಸವರಿದರೂ ಸರಿ. ಕುಟ್ಟುವುದಿಲ್ಲ, ಒತ್ತುವುದಿಲ್ಲ, ಬೆರಳಲ್ಲಿ ಸಮ ಮಾಡುವುದೂ ಇಲ್ಲ, ಬೆರಳು ಪೌಡರನ್ನು ಒಳಗೆ ಒತ್ತುತ್ತೆ. ಮುಚ್ಚಳ ಹಾಕಿ ಕಲೆಸಿ, ನಲ್ಲಿಯ ತಣ್ಣೀರಿಗೆ ಬಾಟಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಕೊಡುತ್ತೇನೆ. ಮಗ 70 ಕುಡಿದು ಬಿಟ್ಟರೆ ಉಳಿದದ್ದನ್ನು ಚೆಲ್ಲುತ್ತೇನೆ. ಮನಸ್ಸಿಗೆ ಚುರುಕ್ ಅನಿಸುತ್ತೆ, ಆದರೂ ಅರ್ಧ ಸ್ಕೂಪಿನ ಲೆಕ್ಕಕ್ಕೆ ಹೋಗುವುದಿಲ್ಲ. ಅರ್ಧ ಸ್ಕೂಪ್ ಅನ್ನುವುದನ್ನು ಯಾರೂ ಕಣ್ಣಳತೆಯಲ್ಲಿ ಸರಿಯಾಗಿ ತುಂಬಲಾರರು.

ಅಳತೆ ತಪ್ಪುತ್ತಿದೆಯಾ ಅಂತ ತಿಳಿಯಲು ಡಬ್ಬಿಯೇ ಒಂದು ಸಾಕ್ಷಿ. ನಮ್ಮದು 400 ಗ್ರಾಂ ಡಬ್ಬಿ. ಸಲಕ್ಕೆ 13 ಗ್ರಾಂ, ದಿನಕ್ಕೆ ನಾಲ್ಕು ಸಲ ಅಂದರೆ ಏಳೂವರೆ ದಿನ ಬರಬೇಕು. ಆ ಎರಡು ವಾರ ನಮ್ಮ ಡಬ್ಬಿ ಆರನೇ ದಿನಕ್ಕೇ ತಳ ಕಂಡಿತ್ತು. ಮಗು ಜಾಸ್ತಿ ಕುಡಿಯುತ್ತಿದೆ ಅಂತ ನಾವು ಸಂತೋಷಪಟ್ಟಿದ್ದೆವು. ಈಗ ಡಬ್ಬಿ ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಮೇಲೆ ಬರೆಯುತ್ತೇನೆ.

ಇನ್ನೊಂದು ಸಲ ತಪ್ಪುವುದರಲ್ಲಿತ್ತು, ಅದನ್ನೂ ಹೇಳುತ್ತೇನೆ. ನಮ್ಮ ಭಾವ ಅಮೆರಿಕದಿಂದ ಬರುವಾಗ ಎರಡು ಡಬ್ಬಿ ತಂದರು. ಅದರ ಸ್ಕೂಪ್ ದೊಡ್ಡದು, ಅಲ್ಲಿಯ ಲೆಕ್ಕ ಒಂದು ಸ್ಕೂಪ್‌ಗೆ 60 ಎಂಎಲ್ ನೀರು. ನಮ್ಮ ಹಳೆಯ ಸ್ಕೂಪ್ ಕೈಗೆ ಸಿಕ್ಕಿತು ಅಂತ ಅದನ್ನೇ ಹಾಕಿ 60ಕ್ಕೆ ಒಂದು ಅಂತ ಕಲೆಸಿದ್ದರೆ ಹಾಲು ಅರ್ಧದಷ್ಟು ತೆಳ್ಳಗೆ ಆಗುತ್ತಿತ್ತು. ಆ ದೊಡ್ಡ ಸ್ಕೂಪನ್ನು ನಮ್ಮ 30ರ ಲೆಕ್ಕಕ್ಕೆ ಹಾಕಿದ್ದರೆ ಎರಡರಷ್ಟು ಗಟ್ಟಿ. ಆ ಡಬ್ಬಿಯ ಸ್ಕೂಪ್ ಆ ಡಬ್ಬಿಗೆ ಮಾತ್ರ. ಡಬ್ಬಿ ಮುಗಿದರೆ ಅದರ ಸ್ಕೂಪನ್ನೂ ಅಂದೇ ಎಸೆಯುತ್ತೇನೆ, ಬೇರೆ ಯಾವುದಕ್ಕೂ ಇಟ್ಟುಕೊಳ್ಳುವುದಿಲ್ಲ.

ಅಳತೆ ಸರಿ ಮಾಡಿದ ನಾಲ್ಕನೇ ದಿನಕ್ಕೆ ಕಕ್ಕ ಮೆತ್ತಗಾಯ್ತು. ಉಚ್ಚೆಯ ಬಟ್ಟೆ ಮತ್ತೆ ದಿನಕ್ಕೆ ಏಳೆಂಟು ಆಯ್ತು, ಹಳದಿ ಕಲೆ ಹೋಯ್ತು. ಕುಡಿದ ಮೇಲೆ ಎರಡೂವರೆ ಮೂರು ಗಂಟೆ ನೆಮ್ಮದಿಯಾಗಿ ಇರತೊಡಗಿದ.

ಒಂದೇ ಒಂದು ತೊಂದರೆ ಉಳಿದಿತ್ತು. ಮಧ್ಯರಾತ್ರಿ ನಿದ್ದೆಗಣ್ಣಿನಲ್ಲಿ ಎಷ್ಟು ಸ್ಕೂಪ್ ಹಾಕಿದೆ ಅನ್ನುವುದೇ ಮರೆತುಹೋಗುತ್ತಿತ್ತು. ಅನುಮಾನ ಬಂದರೆ ಚೆಲ್ಲಿ ಹೊಸದಾಗಿ ಕಲೆಸುತ್ತಿದ್ದೆ. ಅದಕ್ಕೆ ದಾರಿ ಹುಡುಕಿದ್ದು ಅಮ್ಮನೇ. ಧಾನ್ಯ ಅಳೆಯುವಾಗ ಹೇಳುವ ಹಾಗೆ ಬಾಯಿಬಿಟ್ಟು ಎಣಿಸುತ್ತಾರೆ. ಒಂದೊಂದು ಸ್ಕೂಪಿಗೂ ಚಾಕು ಎಳೆದು, ಹೆಚ್ಚಾದ ಪೌಡರ್ ಡಬ್ಬಿಗೆ ಉದುರಿದ ಮೇಲೆಯೇ ಸ್ಕೂಪನ್ನು ಬಾಟಲಿಗೆ ಸುರಿಯುತ್ತಾ, "ಲಾಭ... ಎರಡು... ಮೂರು". ನನಗೂ ಈಗ ಅದೇ ರೂಢಿ ಆಗಿದೆ.