ತುಟಿ ಕೂಡಿಸದೆ ‘ಮ’ ಹೇಳಿದ್ದು: ಸಿಳ್ಳೆಮಾತು ಕಲಿತ ನನ್ನ ಅನುಭವ

ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಲಾ ಗೊಮೆರಾ ಅಂತ ಒಂದು ಪುಟ್ಟ ದ್ವೀಪ ಇದೆ. ತುಂಬಾ ಆಳವಾದ ಕಣಿವೆಗಳು. ಎದುರು ಗುಡ್ಡದ ಮನೆ ಕಣ್ಣಿಗೆ ಕಾಣುತ್ತದೆ, ಆದರೆ ಇಳಿದು ಹತ್ತಿ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. ಅದಕ್ಕೇ ಅಲ್ಲಿನವರು ಸ್ಪ್ಯಾನಿಷ್ ಮಾತನ್ನು ಸಿಳ್ಳೆಯಲ್ಲೇ ಆಡುತ್ತಾರೆ. ಅದರ ಹೆಸರು ಸಿಲ್ಬೋ. 1999ರಿಂದ ಅಲ್ಲಿನ ಶಾಲೆಗಳಲ್ಲಿ ಅದು ಕಡ್ಡಾಯ. ನಾನು ಕಲಿತಿದ್ದು ಅಲ್ಲಿನ ಒಬ್ಬ ಹಿರಿಯರಿಂದ.

ತೋರುಬೆರಳನ್ನು ಮಡಿಸಿ, ಅದರ ಗೆಣ್ಣನ್ನು ಬಾಯೊಳಗಿಟ್ಟು ನಾಲಿಗೆಯ ತುದಿಯನ್ನು ಒತ್ತಬೇಕು. ಇನ್ನೊಂದು ಕೈಯನ್ನು ಬಾಯಿಯ ಪಕ್ಕ ಬೊಗಸೆಯಂತೆ ಹಿಡಿದು ಸದ್ದನ್ನು ಬೇಕಾದ ಕಡೆಗೆ ತಿರುಗಿಸಬೇಕು. ಮೊದಲ ವಾರ ನಾನು ಜೋರಾಗಿ ಊದಿ ತಲೆ ಸುತ್ತಿಸಿಕೊಂಡೆ. ಸಿಳ್ಳೆ ಬಂತು, ಮಾತು ಬರಲಿಲ್ಲ. ಬೆರಳನ್ನು ಬಿಗಿಯಾಗಿ ಒತ್ತಿದ್ದರಿಂದ ನಾಲಿಗೆಗೆ ಅಲ್ಲಾಡಲು ಜಾಗವೇ ಇರಲಿಲ್ಲ. ಸದ್ದು ಒಂದೇ ಮಟ್ಟದಲ್ಲಿ ಎಳೆಯುತ್ತಿದ್ದರೆ ತಪ್ಪು ಇಲ್ಲೇ ಇದೆ ಅಂತ ತಿಳಿಯಬೇಕು.

ನಾಲಿಗೆ ಮುಂದೆ ಬಂದರೆ ಸಿಳ್ಳೆಯ ಸ್ವರ ಏರುತ್ತದೆ, ಅದು ‘ಇ’, ‘ಎ’. ಹಿಂದೆ ಸರಿದರೆ ಇಳಿಯುತ್ತದೆ, ಅದು ‘ಅ’, ‘ಒ’, ‘ಉ’. ವ್ಯಂಜನ ಹೇಗೆ ಅಂತ ನನಗೆ ಬಹಳ ದಿನ ಹೊಳೆಯಲಿಲ್ಲ. ಬಾಯಲ್ಲಿ ಬೆರಳಿದೆ, ‘ಮ’ ಅನ್ನಲು ತುಟಿ ಕೂಡುವುದಿಲ್ಲ ಅಲ್ವಾ? ಗುರುಗಳು ‘ಕಾಮಾ’ (ಹಾಸಿಗೆ), ‘ಕಾಸಾ’ (ಮನೆ) ಎರಡನ್ನೂ ನಿಧಾನವಾಗಿ ಊದಿ ತೋರಿಸಿದರು. ಕಾಮಾದಲ್ಲಿ ನಡುವೆ ಸ್ವರ ಕೆಳಗೆ ಬಾಗಿತು, ಆದರೆ ಸದ್ದು ತುಂಡಾಗಲಿಲ್ಲ. ಕಾಸಾದಲ್ಲಿ ಸ್ವರ ಮೇಲಕ್ಕೆ ಹೋಗಿ ಚಿಕ್ಕದಾಗಿ ಕಡಿದು ಮತ್ತೆ ಬಂತು. ವ್ಯಂಜನ ಅಂದರೆ ಇಲ್ಲಿ ಸಿಳ್ಳೆಯ ಸ್ವರ ಬಾಗುವ ದಿಕ್ಕು, ಜೊತೆಗೆ ಸದ್ದು ಕಡಿಯಿತೋ ಇಲ್ಲವೋ ಅನ್ನೋದು, ಅಷ್ಟೇ. ಆ ದಿನ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಇದರಿಂದ ಹಲವು ಪದಗಳು ಒಂದೇ ಥರ ಕೇಳುತ್ತವೆ. ‘ಮೇಸಾ’ (ಮೇಜು), ‘ಮೀಸಾ’ (ಚರ್ಚಿನ ಪೂಜೆ) ನನ್ನ ಕಿವಿಗೆ ಇವತ್ತಿಗೂ ಒಂದೇ. ಒಂಟಿ ಪದ ಊದಿದರೆ ಕೇಳುವವರು ತಡಕಾಡುತ್ತಾರೆ. ಹಾಗಾಗಿ ಮೊದಲು ಹೆಸರು ಹಿಡಿದು ಕರೆಯಬೇಕು, ಆಮೇಲೆ ಪೂರ್ತಿ ವಾಕ್ಯ ಹೇಳಬೇಕು. ಕಣಿವೆಯಲ್ಲಿ ಮಾರ್ದನಿ ಬರುತ್ತದೆ, ಅದು ಅಡಗುವವರೆಗೂ ಕಾಯಬೇಕು. ಆ ಕಡೆಯವರು ವಾಕ್ಯವನ್ನು ತಿರುಗಿ ಊದಿದರೆ ತಲುಪಿತು ಅಂತ ಅರ್ಥ.

ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಮಾತಾಡುವ ಡೋಲು ಬೇರೆ ಥರ. ಅವರ ಭಾಷೆಯಲ್ಲೇ ದನಿಯ ಏರಿಳಿತಕ್ಕೆ ತಕ್ಕಂತೆ ಪದದ ಅರ್ಥ ಬದಲಾಗುತ್ತದೆ, ಡೋಲು ಆ ಏರಿಳಿತವನ್ನೇ ನುಡಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಅದಿಲ್ಲ, ಕನ್ನಡದಲ್ಲೂ ಇಲ್ಲ.

ಊರಿಗೆ ಬಂದ ಮೇಲೆ ಸುಮ್ನೆ ಕುತೂಹಲಕ್ಕೆ ಕನ್ನಡದಲ್ಲಿ ಊದಿ ನೋಡಿದೆ. ನಮ್ಮ ಒತ್ತಕ್ಷರ ಚೆನ್ನಾಗಿ ಒದಗಿತು. ‘ಅಕ್ಕ’ ಅನ್ನುವಾಗ ಸದ್ದಿನ ನಡುವಿನ ಬಿರುಕನ್ನು ಜಾಸ್ತಿ ಹೊತ್ತು ಹಿಡಿದೆ. ತೋಟದ ಆ ತುದಿಯಲ್ಲಿದ್ದ ಅಕ್ಕ ಮೂರನೇ ಸಲಕ್ಕೆ ತಿರುಗಿ, “ಏನೋ, ಕರೆದ್ಯಾ?” ಅಂದಳು.