ಆಬ್ಸೆಂಟ್ ಹಾಕಿದ್ ದಿನದ ದುಡ್ಡು ವಾಪಸ್ ಕೇಳೋ ಲೆಟರ್ ಬರೆಯೋದ್ ಹೇಗೆ

ಮಾಚೇನಹಳ್ಳಿ ಕಡೆ ಒಂದು ಫೌಂಡ್ರಿಯ ಟೈಮ್ ಆಫೀಸಲ್ಲಿ ಸುಮಾರು ವರ್ಷ ಕೂತಿದ್ದವನು ನಾನು. ಆಬ್ಸೆಂಟ್ ಬಗ್ಗೆ ಬರ್ತಿದ್ದ ಲೆಟರೆಲ್ಲ ಹೆಚ್ಚುಕಮ್ಮಿ ಒಂದೇ ಥರ, "ತಿಂಗಳಿಡೀ ಬಂದಿದ್ದೇನೆ, ಸಂಬಳ ಕಮ್ಮಿ ಬಂದಿದೆ, ದಯವಿಟ್ಟು ಸರಿಪಡಿಸಿ" ಅಂತ. ಯಾವ ದಿನ, ಎಷ್ಟು ದುಡ್ಡು, ಏನೂ ಇರಲ್ಲ. ಅಂಥದ್ದು ಫೈಲಿಗೆ ಹೋದ್ರೆ ಅಲ್ಲೇ ಮಲಗುತ್ತೆ.

ಮೊದಲು ಸಂಬಳದ ಸ್ಲಿಪ್ಪು, ಆ ತಿಂಗಳ ಪಂಚಿಂಗ್ ರಿಪೋರ್ಟು ಎರಡೂ ಇಟ್ಕೊಂಡು ಕೂತ್ಕೊಳ್ಳಿ. ರಿಪೋರ್ಟನ್ನ ಟೈಮ್ ಆಫೀಸಲ್ಲಿ ಬಾಯ್ಮಾತಲ್ಲಿ ಕೇಳಿದ್ರೆ ಸಾಕು. ಸ್ಲಿಪ್ಪು ಥರ್ಮಲ್ ಪೇಪರಾಗಿದ್ರೆ ಮೊದಲು ಜೆರಾಕ್ಸ್ ಮಾಡಿಸಿ, ನಮ್ಮ ಮಳೆಗಾಲದಲ್ಲಿ ಅದು ಬೇಗ ಮಾಸುತ್ತೆ. ಲ್ಯಾಮಿನೇಷನ್ ಮಾತ್ರ ಬೇಡ ಮಾರಾಯ್ರೆ, ಆ ಬಿಸಿಗೆ ಇಡೀ ಚೀಟಿ ಕಪ್ಪಾಗಿ ಹೋಗುತ್ತೆ, ನನ್ ಕಣ್ಣೆದುರೇ ಒಬ್ಬ ಹಾಗ್ ಮಾಡ್ಕೊಂಡ.

ಈಗ ಎಲ್ರೂ ಎಡವೋ ಜಾಗ, ದಿನದ ರೇಟು. ನಮ್ಮಲ್ಲಿ ಒಬ್ಬ ಮೋಲ್ಡರ್ ಇದ್ದ, ಬೇಸಿಕ್ಕು ಡಿಎ ಸೇರಿ 15,600. ಜುಲೈಲಿ ಐದು ದಿನಕ್ಕೆ 3,000 ಹಿಡ್ಕೊಂಡಿದ್ರು. ಅವನು 15,600ನ 31ರಿಂದ ಭಾಗಿಸಿ, 503 ರೂಪಾಯಿ ಇಪ್ಪತ್ತೆರಡು ಪೈಸೆ ಅಂತೆಲ್ಲ ಬರ್ಕೊಂಡ್ ಬಂದಿದ್ದ. ಹಾಗಲ್ಲ, ಉಲ್ಟಾ ಲೆಕ್ಕ ಹಾಕ್ಬೇಕು. ಹಿಡಿದಿದ್ದು 3,000, ದಿನ ಐದು, ಅಂದ್ರೆ ದಿನಕ್ಕೆ 600. 15,600ರಲ್ಲಿ 600 ಎಷ್ಟು ಸಲ ಹೋಗುತ್ತೆ? 26 ಸಲ. ಅಲ್ಲಿಗೆ ಕಂಪನಿ ಭಾಗಿಸೋದು 26ರಿಂದ ಅಂತ ಆಯ್ತು.

ಇದು ಗೊತ್ತಾದ್ರೆ ಇನ್ನೊಂದ್ ವಿಷ್ಯ ತಾನಾಗೇ ಹೊರಗೆ ಬರುತ್ತೆ. ಅವನಿಗೆ ಕಟ್ ಆದ ದಿನ 3, 11, 19, 20, 21. ಇದ್ರಲ್ಲಿ 20 ಭಾನುವಾರ! ಶನಿವಾರ ಸೋಮವಾರ ಎರಡೂ ಆಬ್ಸೆಂಟು, ಅದಕ್ಕೆ ನಡುವಿನ ರಜೆಯೂ ಹೋಯ್ತು ಅಂತ ಅವರ ವಾದ. ಆದ್ರೆ 26ರಿಂದ ಭಾಗಿಸೋದು ಅಂದ್ರೇ ಭಾನುವಾರಗಳನ್ನ ಲೆಕ್ಕದಿಂದ ಹೊರಗೆ ಇಟ್ಟಿದೀವಿ ಅಂತ ತಾನೆ, ಲೆಕ್ಕದಲ್ಲೇ ಇಲ್ಲದ ದಿನಕ್ಕೆ 600 ಹಿಡಿಯೋದ್ ಹೇಗೆ? 30 ಅಥವಾ 31ರಿಂದ ಭಾಗಿಸೋ ಕಡೆ ಈ ಮಾತು ನಡೆಯಲ್ಲ, ನೆನಪಿರ್ಲಿ. ಬರದೇ ಇದ್ದ ಅವಧಿಗೆ ಎಷ್ಟು ಪಾಲು ಬರುತ್ತೋ ಅದಕ್ಕಿಂತ ಜಾಸ್ತಿ ಹಿಡಿಯಂಗಿಲ್ಲ ಅಂತ 1936ರ ವೇತನ ಪಾವತಿ ಕಾಯ್ದೆಲೂ ಇತ್ತು, 2019ರ ವೇತನ ಸಂಹಿತೆಲೂ ಇದೆ. ಹತ್ತು ಜನ ಸೇರಿ ನೋಟಿಸ್ ಇಲ್ದೆ ಕೆಲಸಕ್ಕೆ ಬರದೇ ಇದ್ರೆ ಅದು ಬೇರೆ ಕತೆ.

ಆಮೇಲೆ ಲೆಟರ್. ಒಂದೊಂದ್ ದಿನಕ್ಕೆ ಒಂದೊಂದ್ ಸಾಲು: ತಾರೀಖು, ಏನಾಯ್ತು, ಪುರಾವೆ, ದುಡ್ಡು. ಅವನಿಗೆ ನಾನು ಬರೆಸಿದ್ದು ಹೀಗೆ:

"ಜುಲೈ 3: ಮೊದಲ ಶಿಫ್ಟಿಗೆ ಬಂದಿದ್ದೆ. ಬೆರಳು ಸವೆದು ಮಷೀನು ಓದಲಿಲ್ಲ, ಗೇಟ್ ರಿಜಿಸ್ಟರಲ್ಲಿ 5.50ಕ್ಕೆ ಸಹಿ ಇದೆ. ಕಡಿತ ರೂ. 600.
ಜುಲೈ 19: ಸೂಪರ್‌ವೈಸರ್ ಸಹಿ ಮಾಡಿದ ರಜೆ ಅರ್ಜಿ ಇದೆ, ನನ್ನ ಲೆಕ್ಕದಲ್ಲಿ ರಜೆಯೂ ಬಾಕಿ ಇದೆ. ಕಡಿತ ರೂ. 600.
ಜುಲೈ 20: ವಾರದ ರಜೆ. ದಿನದ ದರ 26ರ ಲೆಕ್ಕದಲ್ಲಿರುವುದರಿಂದ ಈ ದಿನಕ್ಕೆ ಕಡಿತ ಬರುವುದಿಲ್ಲ. ಕಡಿತ ರೂ. 600.
ಜುಲೈ 21: ಎರಡನೇ ಶಿಫ್ಟ್. ಒಳಗೆ ಬಂದ ಪಂಚ್ ಇದೆ, ಹೊರಡುವಾಗ ಕರೆಂಟ್ ಇರಲಿಲ್ಲ. ಆ ದಿನದ ಪ್ರೊಡಕ್ಷನ್ ಶೀಟಿನಲ್ಲಿ ನನ್ನ ಹೆಸರಿಗೆ 46 ಬಾಕ್ಸ್ ಇದೆ. ಕಡಿತ ರೂ. 600.
ಒಟ್ಟು ರೂ. 2,400."

11ನೇ ತಾರೀಖು ಎಲ್ಲಿ ಅಂತೀರಾ? ಅವತ್ತು ಅವನು ನಿಜವಾಗ್ಲೂ ಬಂದಿರ್ಲಿಲ್ಲ. "ಜುಲೈ 11ರ ಕಡಿತಕ್ಕೆ ನನ್ನ ತಕರಾರಿಲ್ಲ" ಅಂತ ಒಂದ್ ಸಾಲು ಹಾಕ್ಸಿದೆ. ಒಂದು ಸುಳ್ಳು ದಿನ ಸೇರಿಸಿದ್ರೆ ಉಳಿದ ನಾಲ್ಕನ್ನೂ ಅನುಮಾನದಿಂದ ನೋಡ್ತಾರೆ. ಆ ಒಂದು ದಿನ ಆಬ್ಸೆಂಟ್ ಇದ್ಮೇಲೆ 500 ರೂಪಾಯಿ ಅಟೆಂಡೆನ್ಸ್ ಬೋನಸ್ಸೂ ಹೋದ ಹಾಗೇ, ಅದನ್ನ ಕೇಳ್ಬೇಡಿ.

ಡಿಟಿಪಿ ಅಂಗಡಿಯ ರೆಡಿ ಫಾರ್ಮ್ಯಾಟ್ ನನಗಂತೂ ಆಗಲ್ಲ, ಅರ್ಧ ಪೇಜ್ "ತಮ್ಮಲ್ಲಿ ವಿನಮ್ರವಾಗಿ" ಅನ್ನೋದ್ರಲ್ಲೇ ಮುಗಿಯುತ್ತೆ. ಕೈಲೇ ಬರೀರಿ. ವಾಟ್ಸಾಪಲ್ಲಿ ಕಳ್ಸಿ ಸುಮ್ನಾಗ್ಬೇಡಿ. ಎರಡು ಪ್ರತಿ ಮಾಡಿ ಒಂದ್ರ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ, ನಾಳೆ ಲೇಬರ್ ಆಫೀಸಿಗೆ ಹೋದ್ರೆ ಮೊದಲು ಕೇಳೋದೇ ಅದನ್ನ. ಪುರಾವೆಯ ಜೆರಾಕ್ಸ್ ಕೊಡಿ, ಒರಿಜಿನಲ್ ಯಾವ ಕಾರಣಕ್ಕೂ ಬೇಡ.

ಮುಂದಿನ ತಿಂಗಳು ಅವನಿಗೆ ಅರಿಯರ್ಸ್ 2,400 ಬಂತು, ಆದ್ರೂ "ಬ್ಯಾಂಕಿಗೆ 2,094 ಅಷ್ಟೇ ಬಂದಿದೆ ಅಣ್ಣ, ಮತ್ತೆ ಹಿಡಿದ್ರು" ಅಂತ ಓಡಿ ಬಂದ. ಪಿಎಫ್ ಶೇ. 12ಕ್ಕೆ 288, ಇಎಸ್‌ಐ ಶೇ. 0.75ಕ್ಕೆ 18 ಅಂತ ಸ್ಲಿಪ್ಪಲ್ಲಿ ತೋರಿಸಿದೆ. ಅದಕ್ಕೇ ಲೆಟರಲ್ಲಿ ಬರೆಯೋದು ಯಾವಾಗ್ಲೂ ಕಟ್ ಆದ ಸಂಬಳ, ಬ್ಯಾಂಕಿಗೆ ಬಂದಿದ್ರ ವ್ಯತ್ಯಾಸ ಅಲ್ಲ.