ನಿಂತಲ್ಲೇ ಬಿರುಕು ಬಿಟ್ಟ ಟೈರ್: ಇನ್ನೂ ಓಡಿಸಬಹುದಾ?

ಗ್ರಿಪ್ ಹೊಸದರಂತೆಯೇ ಇದೆ, ಗಾಡಿ ಓಡಿದ್ದೂ ಕಡಿಮೆ. ಆದರೂ ಟೈರಿನ ಪಕ್ಕದಲ್ಲಿ ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು. ಓಡಿಸದೇ ಇರೋದೇ ಇದಕ್ಕೆ ದೊಡ್ಡ ಕಾರಣ. ರಬ್ಬರಿಗೆ ಮೇಣವನ್ನೂ ಓಝೋನ್ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಟೈರ್ ಉರುಳುತ್ತಾ ಬಾಗಿದಾಗ ಅವು ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟುತ್ತವೆ. ನಿಂತ ಗಾಡಿಯಲ್ಲಿ ಆ ಪದರ ಸರಿಯಾಗಿ ಕಟ್ಟುವುದಿಲ್ಲ, ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಒಣಗಿಸುತ್ತಾ ಹೋಗುತ್ತವೆ.

ಮೊದಲು ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ `DOT` ಎಂದು ಶುರುವಾಗುವ ಬರಹದ ಕೊನೆಯ ನಾಲ್ಕು ಅಂಕಿ `2317` ಆಗಿದ್ದರೆ, ಅದು 2017ರ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಒಂದೇ ಬದಿಯಲ್ಲಿ ಇರಬಹುದು, ಹೊರಗೆ ಕಾಣದಿದ್ದರೆ ಒಳಬದಿಗೆ ಟಾರ್ಚ್ ಬಿಡಿ. ಹತ್ತು ವರ್ಷ ದಾಟಿದ್ದರೆ ಮುಂದೆ ನೋಡೋದೇ ಬೇಡ, ಬದಲಿಸಿ.

ಆಮೇಲೆ ಟೈರನ್ನು ತೊಳೆದು ಒಣಗಿಸಿ, ನೆಲಕ್ಕೆ ತಾಗುವ ಕಡೆ ಪಕ್ಕದ ಉಬ್ಬನ್ನು ನೋಡಿ. ಅಲ್ಲಿ ಭಾರಕ್ಕೆ ರಬ್ಬರ್ ಎಳೆದುಕೊಂಡಿರುವುದರಿಂದ, ಬೇರೆ ಕಡೆ ಕಾಣದ ಬಿರುಕೂ ಅಲ್ಲಿ ಬಾಯಿ ಬಿಡುತ್ತದೆ. ಗಾಡಿಯನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ನೋಡಿ. ಗ್ರಿಪ್‌ನ ಸಾಲುಗಳ ತಳವನ್ನೂ ಬಿಡಬೇಡಿ.

ನಮ್ಮ ಟ್ರೈಲರ್‌ನಲ್ಲಿ ಎರಡು ಟೈರೂ ಒಂದೇ ವಾರದ್ದು, ಗ್ರಿಪ್ ಸ್ವಲ್ಪವೂ ಸವೆದಿರಲಿಲ್ಲ. ನೆರಳಿನ ಬದಿಯದರಲ್ಲಿ ಕೂದಲೆಳೆಯಂಥ ಗೀರುಗಳಿದ್ದವು, ಉಗುರು ಎಳೆದರೆ ಜಾರಿಹೋಗುತ್ತಿತ್ತು. ಬಿಸಿಲಿನ ಬದಿಯದರಲ್ಲಿ ಉಗುರು ಸಿಕ್ಕಿಕೊಂಡಿತು, ಉಬ್ಬಿನ ಹತ್ತಿರ ಒಂದು ಬಿರುಕು ರಿಮ್ ಸುತ್ತಲೇ ಹರಿದಿತ್ತು, ಒಳಗೆ ನೂಲಿನ ಎಳೆ ಕಂಡಿತು. ನೂಲು ಕಂಡ ಮೇಲೆ ಯೋಚನೆ ಮಾಡೋದೇನೂ ಇಲ್ಲ, ನಿಧಾನವಾಗಿ ಓಡಿಸಿದರೆ ಆಯ್ತು ಅನ್ನೋದೂ ಬೇಡ, ಭಾರ ಮತ್ತು ಬಿಸಿ ಏರಿದಾಗ ಅದು ಅಲ್ಲೇ ಒಡೆಯಬಹುದು. ಉಬ್ಬಿದ ಗುಳ್ಳೆಗೂ ಇದೇ ಮಾತು. ಜೊತೆಯದೂ ಅಷ್ಟೇ ಹಳೆಯದಾದ್ದರಿಂದ ಎರಡನ್ನೂ ಬದಲಿಸಿದೆ. ಮೇಲ್ಮೈಯ ಗೀರು ಮಾತ್ರ ಇದ್ದು, ಟೈರ್‌ಗೆ ವಯಸ್ಸಾಗಿರದಿದ್ದರೆ ಬದಲಿಸಬೇಕಿಲ್ಲ. ಆದರೆ ಪ್ರತಿ ಪ್ರಯಾಣಕ್ಕೂ ಮುಂಚೆ ಮತ್ತೆ ನೋಡಬೇಕು. ಅನುಮಾನ ಬಂದರೆ ಟೈರ್ ಅಂಗಡಿಯಲ್ಲಿ ಬಿಚ್ಚಿಸಿ ಒಳಬದಿ ತೋರಿಸಿ.

ಬಿರುಕಿಗೆ ಅಂಟು, ಫಿಲ್ಲರ್ ಹಚ್ಚಬೇಡಿ. ಅವು ಬಿರುಕನ್ನು ಮುಚ್ಚುತ್ತವೆ ಅಷ್ಟೇ, ರಬ್ಬರಿಗೆ ಬಲ ಬರುವುದಿಲ್ಲ. ಹೊಳಪಿಗೆಂದು ಪೆಟ್ರೋಲಿಯಂ ಎಣ್ಣೆಯ ಪಾಲಿಶ್ ಹಚ್ಚಿದರೆ ಇರುವ ಮೇಣವೂ ಹೋಗುತ್ತದೆ, ಸಾಬೂನು ನೀರೇ ಸಾಕು.

ಹೊಸ ಟೈರ್ ಹಾಕಿದ ಮೇಲೆ ಬಿಸಿಲು ಬೀಳುವ ಬದಿಗೆ ಹೊದಿಕೆ ಹಾಕಿ. ಗಾಳಿ ಕಂಪನಿ ಹೇಳಿದಷ್ಟು ಇರಲಿ. ತಿಂಗಳಿಗೊಮ್ಮೆ ಸ್ವಲ್ಪ ದೂರ ಓಡಿಸಿ, ಆಗದಿದ್ದರೆ ಟ್ರೈಲರ್ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ವೆಲ್ಡಿಂಗ್ ಮಾಡುವ ಜಾಗದಲ್ಲಿ ಮಾತ್ರ ಇಡಬೇಡಿ, ಅಲ್ಲಿ ಓಝೋನ್ ಜಾಸ್ತಿ. ಸ್ಟೆಪ್ನಿಯ ಅಂಕಿಯನ್ನೂ ಈಗಲೇ ಓದಿಬಿಡಿ, ಅದು ಗಾಡಿಯ ಬೇರೆ ಟೈರ್‌ಗಳಿಗಿಂತ ಹಳೆಯದಾಗಿರೋದು ಹೆಚ್ಚು.